ಹುಡುಗನ ಸ್ಟಾನ್ಸ್ ಕೆಟ್ಟಿತೋ, ಫೋಟೋ ವಾಲಿತೋ?

ಅಕ್ಟೋಬರ್ ತಿಂಗಳ ಒಂದು ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಎರಡು ಫೋಟೋ ಬಂದವು. ಎರಡರಲ್ಲೂ ಇರುವುದು ಮೂರ್ನಾಡಿನಲ್ಲಿರುವ ನನ್ನ ಅಕ್ಕನ ಮಗ. ವಯಸ್ಸು ಹದಿಮೂರು, ಬಲಗೈ ಬ್ಯಾಟರ್. ಮೊದಲನೆಯದು ಮೇ ತಿಂಗಳದ್ದು, ಮಳೆ ಹಿಡಿಯುವ ಮೊದಲು ಮನೆ ಮುಂದಿನ ಕಾಫಿ ಕಣದಲ್ಲಿ ತೆಗೆದದ್ದು. ಎರಡನೆಯದು ಮಳೆ ಬಿಟ್ಟ ಮೇಲೆ ಅದೇ ಕಣದಲ್ಲಿ ತೆಗೆದದ್ದು. ಮೇ ಫೋಟೋದಲ್ಲಿ ಹುಡುಗ ನೆಟ್ಟಗೆ, ನಿರಾಳವಾಗಿ ನಿಂತಿದ್ದಾನೆ. ಅಕ್ಟೋಬರ್ ಫೋಟೋದಲ್ಲಿ ಸೊಂಟ ಬಗ್ಗಿದೆ, ತಲೆ ಆಫ್ ಸೈಡಿಗೆ ಬಿದ್ದಿದೆ, ಎರಡು ಕೈಗಳ ನಡುವೆ ಮೂರು ಬೆರಳು ತೂರುವಷ್ಟು ಜಾಗ ಇದೆ.

ಕೆಳಗೆ ತೀರ್ಪುಗಳು ಶುರುವಾದವು. "ಹಾಕಿ ಹಿಡಿತ ಬಂದುಬಿಟ್ಟಿದೆ, ಇನ್ನು ಹೋಗಲ್ಲ" ಅಂತ ಹುಡುಗನ ದೊಡ್ಡಪ್ಪ. "ಕೈ ಎರಡನ್ನೂ ಸೇರಿಸಿ ಟೇಪ್ ಸುತ್ತಿ ಆಡಿಸಿ" ಅಂತ ಇನ್ನೊಬ್ಬರು. ಎರಡು ವಾರದಲ್ಲಿ ಅಂಡರ್-14 ಆಯ್ಕೆ ಇತ್ತು. ಅಕ್ಕ ನನಗೆ ಫೋನ್ ಮಾಡಿ, "ನೀನು ಎಂಜಿನಿಯರಿಂಗ್ ಓದಿದವನಲ್ವಾ, ಬಂದು ಒಂದು ಸಲ ನೋಡು. ಎರಡು ದಿನದಿಂದ ಬ್ಯಾಟ್ ಮುಟ್ತಾ ಇಲ್ಲ ಇವನು" ಅಂದಳು.

ನಾನು ಕೋಚ್ ಅಲ್ಲ. ಕಾಲೇಜು ತಂಡಕ್ಕೆ ಏಳನೇ ಕ್ರಮಾಂಕದಲ್ಲಿ ಆಡಿದ್ದು ಬಿಟ್ಟರೆ ಹೇಳಿಕೊಳ್ಳುವ ಕ್ರಿಕೆಟ್ ಇಲ್ಲ. ಆದರೆ ಅಳತೆ ಅಂದರೆ ಏನು, ಅದರಲ್ಲಿ ತಪ್ಪು ಎಲ್ಲಿಂದ ನುಸುಳುತ್ತೆ ಅನ್ನೋದನ್ನ ನಾಲ್ಕು ವರ್ಷ ಓದಿದ್ದೇನೆ. ಸ್ಟಾನ್ಸ್ ಫೋಟೋ ಹೋಲಿಸುವುದು ಮೊದಲು ಅಳತೆಯ ಕೆಲಸ, ಕ್ರಿಕೆಟ್ ಆಮೇಲೆ. ಇವತ್ತು ಹಳ್ಳಿಯಲ್ಲೂ ಅಪ್ಪ ಅಮ್ಮಂದಿರು ಮಕ್ಕಳ ಬ್ಯಾಟಿಂಗ್ ಫೋಟೋ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅದಕ್ಕೇ ಆ ಶನಿವಾರ, ಭಾನುವಾರ ಮೂರ್ನಾಡಿನಲ್ಲಿ ನಾವು ಮಾಡಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಹುಡುಗನನ್ನಲ್ಲ, ಬಾಗಿಲನ್ನು ನೋಡಿ

ಅಕ್ಟೋಬರ್ ಫೋಟೋದಲ್ಲಿ ಹುಡುಗನ ಹಿಂದೆ ಕಾಫಿ ಗೋದಾಮಿನ ಬಾಗಿಲು ಕಾಣುತ್ತೆ. ನಾನು ಮೊದಲು ನೋಡಿದ್ದು ಆ ಬಾಗಿಲಿನ ಚೌಕಟ್ಟನ್ನು. ಫೋಟೋದಲ್ಲಿ ಅದು ಎಡಕ್ಕೆ ವಾಲಿತ್ತು. ಬೌಲರ್ ಕಡೆಯಿಂದ ನೋಡಿದಾಗ ಬಲಗೈ ಬ್ಯಾಟರ್‌ನ ಆಫ್ ಸೈಡ್ ಕೂಡ ಎಡಕ್ಕೇ ಬರುತ್ತೆ. ಅಂದರೆ ಹುಡುಗನ ತಲೆ ಯಾವ ಕಡೆ ಬಿದ್ದಿದೆ ಅಂತ ಎಲ್ಲರೂ ಬೈದರೋ, ಬಾಗಿಲೂ ಅದೇ ಕಡೆ ಬಿದ್ದಿತ್ತು! ಮೊಬೈಲಿನಲ್ಲೇ ಗೆರೆ ಎಳೆದು ನೋಡಿದೆ. ಹೆಚ್ಚುಕಮ್ಮಿ 3 ಡಿಗ್ರಿ.

ಮೂರು ಡಿಗ್ರಿ ಅಂದರೆ ಕಣ್ಣಿಗೆ ಏನೂ ಅನ್ನಿಸಲ್ಲ. ಲೆಕ್ಕ ಹಾಕಿದರೆ ಬೇರೆ ಕಥೆ. ಸ್ಟಾನ್ಸ್‌ನಲ್ಲಿ ಬಗ್ಗಿ ನಿಂತ ಹುಡುಗನ ತಲೆ ನೆಲದಿಂದ ಸುಮಾರು 130 ಸೆಂ.ಮೀ. ಎತ್ತರದಲ್ಲಿರುತ್ತೆ ಅಂದುಕೊಳ್ಳಿ. ಮೊಬೈಲ್ 3 ಡಿಗ್ರಿ ವಾಲಿದರೆ ಆ ಎತ್ತರದಲ್ಲಿರುವ ತಲೆ ಪಾದಕ್ಕಿಂತ ಹತ್ತಿರ ಹತ್ತಿರ 7 ಸೆಂ.ಮೀ. ಪಕ್ಕಕ್ಕೆ ಸರಿದ ಹಾಗೆ ಕಾಣುತ್ತೆ. ಹುಡುಗ ಅಲ್ಲಾಡಿಲ್ಲ, ಕೈ ಹಿಡಿದವರು ಅಲ್ಲಾಡಿದ್ದಾರೆ ಅಷ್ಟೆ.

ಇನ್ನೊಂದು ವಿಷಯ ಅಕ್ಕನನ್ನು ಕೇಳಿದಾಗ ಗೊತ್ತಾಯ್ತು. ಮೇ ಫೋಟೋ ತೆಗೆದದ್ದು ಹುಡುಗನ ತಂಗಿ, ಅಂಗಳದ ಅಂಚಲ್ಲಿ ಕೂತುಕೊಂಡು. ಅಕ್ಟೋಬರ್ ಫೋಟೋ ತೆಗೆದದ್ದು ದೊಡ್ಡಪ್ಪ, ಆರಡಿ ಆಳು, ಮೂರು ಮೀಟರ್ ಹತ್ತಿರದಲ್ಲಿ ನಿಂತುಕೊಂಡು. ಕೆಳಗಿನಿಂದ ತೆಗೆದರೆ ಕಾಲು ಉದ್ದ, ಮೈ ನೆಟ್ಟಗೆ ಕಾಣುತ್ತೆ. ಹತ್ತಿರದಿಂದ, ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ, ಹುಡುಗ ಕುಕ್ಕರಿಸಿದ ಹಾಗೆ ಕಾಣುತ್ತೆ. ಒಬ್ಬನೇ ಹುಡುಗ ಒಂದೇ ನಿಮಿಷದಲ್ಲಿ ಈ ಎರಡೂ ಫೋಟೋ ಕೊಡಬಲ್ಲ.

ಕೊಡಗಿನಲ್ಲಿ ಮೂರನೆಯದೂ ಒಂದಿದೆ. ಇಲ್ಲಿ ಸಮತಟ್ಟಾದ ಜಾಗ ಸಿಗೋದೇ ಕಷ್ಟ. ಕಾಫಿ ಕಣವನ್ನಂತೂ ನೀರು ಹರಿದುಹೋಗಲಿ ಅಂತ ಬೇಕೆಂದೇ ಸ್ವಲ್ಪ ಇಳಿಜಾರಾಗಿ ಕಟ್ಟುತ್ತಾರೆ. ಇಳಿಜಾರಿನಲ್ಲಿ ನಿಂತವನ ಮೈ ಅದಕ್ಕೆ ತಕ್ಕ ಹಾಗೆ ನಿಜವಾಗಿಯೂ ಹೊಂದಿಕೊಳ್ಳುತ್ತೆ. ಅದು ಕ್ಯಾಮೆರಾ ತಪ್ಪಲ್ಲ, ಆದರೆ ಹುಡುಗನ ತಪ್ಪೂ ಅಲ್ಲ. ಹಾಗಾಗಿ ನೆಲವನ್ನು ನಂಬಿ ಫೋಟೋ ನೇರ ಮಾಡಿಕೊಳ್ಳಬಾರದು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಸ್ಟಂಪನ್ನೂ ನಂಬಬಾರದು, ಅದೂ ನೆಲದ ಜೊತೆಗೇ ವಾಲಿರುತ್ತೆ. ನಂಬಬೇಕಾದ್ದು ಮೇಸ್ತ್ರಿಗಳ ತೂಗುಗುಂಡನ್ನು. ದಾರಕ್ಕೆ ಒಂದು ಕಲ್ಲು ಕಟ್ಟಿ ನೇತು ಹಾಕಿದರೂ ಸಾಕು. ಆ ದಾರ ಫೋಟೋದೊಳಗೆ ಬರಬೇಕು.

ಹೊಸದಾಗಿ ತೆಗೆದದ್ದು ಹೇಗೆ

ಶನಿವಾರ ಬೆಳಿಗ್ಗೆ ಗೋದಾಮಿನ ಸೂರಿನಿಂದ ಒಂದು ದಾರ ಇಳಿಬಿಟ್ಟೆವು. ಹುಡುಗನ ಕಾಲ್ಬೆರಳಿನ ಪಕ್ಕದಲ್ಲೇ ಒಂದು ಸ್ಟಂಪ್ ಇಟ್ಟೆವು. ಇದು ಅಳತೆಗೋಲು. ಸ್ಟಂಪ್ ನೆಲದಿಂದ 28 ಇಂಚು, ಅಂದರೆ 71 ಸೆಂ.ಮೀ. ಎತ್ತರ ಇರುತ್ತೆ. ಫೋಟೋದಲ್ಲಿ ಅದು 355 ಪಿಕ್ಸೆಲ್ ಬಂದರೆ 5 ಪಿಕ್ಸೆಲ್‌ಗೆ ಒಂದು ಸೆಂ.ಮೀ. ಹುಡುಗನ ಹಿಂದಿರುವ ವಿಕೆಟ್ಟನ್ನು ಅಳತೆಗೆ ಹಿಡಿಯಬಾರದು. ಅದು ಕ್ಯಾಮೆರಾದಿಂದ ಇನ್ನೂ ದೂರ ಇರೋದರಿಂದ ಚಿಕ್ಕದಾಗಿ ಕಾಣುತ್ತೆ, ಲೆಕ್ಕ ತಪ್ಪುತ್ತೆ.

ಮೊಬೈಲನ್ನು ಎಂಟು ಹತ್ತು ಮೀಟರ್ ದೂರದಲ್ಲಿ, ಹುಡುಗನ ಸೊಂಟದ ಎತ್ತರಕ್ಕೆ ಒಂದು ಡ್ರಮ್ಮಿನ ಮೇಲೆ ಒರಗಿಸಿ ಇಟ್ಟು ಜೂಮ್ ಮಾಡಿದೆವು. ಕೈಯಲ್ಲಿ ಹಿಡಿಯಲಿಲ್ಲ. ಡ್ರಮ್ ಇಟ್ಟ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಮೂರು ತಿಂಗಳ ನಂತರ ಹೋಲಿಸಬೇಕಾದರೆ ಅದೇ ಜಾಗ ಬೇಕಲ್ಲ? ಸೆಲ್ಫಿ ಕ್ಯಾಮೆರಾ ಬಳಸಲಿಲ್ಲ. ಅದು ಎಷ್ಟೋ ಫೋನ್‌ಗಳಲ್ಲಿ ಚಿತ್ರವನ್ನು ತಿರುಗಿಸಿ ಉಳಿಸುತ್ತೆ, ಬಲಗೈಯವನು ಎಡಗೈಯವನಾಗುತ್ತಾನೆ.

ಯಾವ ಕಡೆಯಿಂದ ತೆಗೆಯಬೇಕು ಅನ್ನೋದು ಏನನ್ನು ನೋಡಬೇಕು ಅನ್ನೋದರ ಮೇಲೆ ಹೋಗುತ್ತೆ. ತಲೆ ಆಫ್ ಸೈಡಿಗೆ ಬೀಳುತ್ತಿದೆಯಾ, ಎರಡು ಕಣ್ಣು ಒಂದೇ ಮಟ್ಟದಲ್ಲಿವೆಯಾ ಅಂತ ನೋಡಲು ಬೌಲರ್ ಕಡೆಯಿಂದ. ತೂಕ ಮುಂದಿನ ಕಾಲಿನ ಮೇಲಿದೆಯೋ ಹಿಂದಿನ ಕಾಲಿನ ಮೇಲೋ, ಮಂಡಿ ಎಷ್ಟು ಮಡಿಸಿದೆ, ಕೈಗಳ ನಡುವೆ ಎಷ್ಟು ಜಾಗ ಇದೆ ಅಂತ ನೋಡಲು ಪಾಯಿಂಟ್ ಕಡೆಯಿಂದ, ಅಂದರೆ ಹುಡುಗನ ಎದೆಯ ಎದುರಿನಿಂದ. ಹಿಡಿತಕ್ಕೆ ಮಾತ್ರ ಹತ್ತಿರದಿಂದ, ಸ್ಲಿಪ್ ಕಡೆಯಿಂದ, ಗ್ಲೌಸ್ ಬಿಚ್ಚಿಸಿ. ಮನೆಯವರು ಜಗಳ ಆಡಿದ್ದು ಬೌಲರ್ ಕಡೆಯ ಒಂದೇ ಫೋಟೋ ಇಟ್ಟುಕೊಂಡು. ಅದರಲ್ಲಿ ಹಿಡಿತದ ಅರ್ಧಕ್ಕರ್ಧ ಗ್ಲೌಸ್ ಒಳಗೇ ಇತ್ತು.

ನಿಂತ ಫೋಟೋ ಬೇಡ, ಚೆಂಡು ಬಿಟ್ಟ ಕ್ಷಣ ಬೇಕು

"ಫೋಟೋ" ಅಂದ ಕೂಡಲೇ ಮಕ್ಕಳು ಪೋಸ್ ಕೊಡುತ್ತಾರೆ. ಟಿವಿಯಲ್ಲಿ ನೋಡಿದ ಯಾರದೋ ಹಾಗೆ ನಿಲ್ಲುತ್ತಾರೆ. ಆ ನಿಲುವಿಗೂ ಚೆಂಡು ಬರುವಾಗಿನ ನಿಲುವಿಗೂ ಸಂಬಂಧ ಇರಲೇಬೇಕಿಲ್ಲ.

ಇದಕ್ಕೆ ಶಿವನಾರಾಯಣ್ ಚಂದ್ರಪಾಲ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವರು ಕ್ರೀಸಿನಲ್ಲಿ ಕಾಯುತ್ತಾ ನಿಂತ ಫೋಟೋ ನೋಡಿದರೆ ಎದೆ ಪೂರ್ತಿ ಬೌಲರ್ ಕಡೆ ತಿರುಗಿರುತ್ತೆ, ಇವರು ಬ್ಯಾಟಿಂಗ್ ಮಾಡುತ್ತಾರಾ ಅಂತಲೇ ಅನುಮಾನ ಬರುತ್ತೆ. ಆದರೆ ಚೆಂಡು ಬರುವ ಹೊತ್ತಿಗೆ ಕಾಲು ಒಳಗೆ ಬಂದು, ಮೈ ಪಕ್ಕಕ್ಕೆ ತಿರುಗಿ, ತಲೆ ಅಲುಗದೆ ನಿಂತಿರುತ್ತಿತ್ತು. ಟೆಸ್ಟ್‌ನಲ್ಲಿ ಅವರು ಗಳಿಸಿದ್ದು 11,867 ರನ್. ಅವರ ಕಾಯುವ ಫೋಟೋವನ್ನು ಯಾರದೋ ಕಾಯುವ ಫೋಟೋ ಜೊತೆ ಹೋಲಿಸಿ ಏನು ಪ್ರಯೋಜನ?

ಹಾಗಾಗಿ ನಾವು ಫೋಟೋ ತೆಗೆಯಲಿಲ್ಲ, ಸ್ಲೋ ಮೋಷನ್ ವಿಡಿಯೋ ತೆಗೆದೆವು. ಭಾವ ಚೆಂಡು ಎಸೆದರು. ಮೊಬೈಲ್ ಅವರ ಹಿಂದೆ ಪಕ್ಕಕ್ಕೆ ಇದ್ದದ್ದರಿಂದ ಅವರ ಕೈಯೂ ಹುಡುಗನೂ ಒಂದೇ ಚಿತ್ರದಲ್ಲಿ ಬರುತ್ತಿದ್ದರು. ಚೆಂಡು ಕೈ ಬಿಟ್ಟ ಫ್ರೇಮಿನಲ್ಲಿ ವಿಡಿಯೋ ನಿಲ್ಲಿಸಿ ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆವು. ಪಾಯಿಂಟ್ ಕಡೆಯಿಂದ ತೆಗೆಯುವಾಗ ಭಾವನ ಕೈ ಕಾಣುತ್ತಿರಲಿಲ್ಲ. ಅಲ್ಲಿ ಮುಂದಿನ ಪಾದ ನೆಲ ಬಿಡುವ ಮೊದಲಿನ ಫ್ರೇಮನ್ನು ತೆಗೆದುಕೊಂಡೆವು. ಯಾವ ಕ್ಷಣ ಅನ್ನೋದಕ್ಕಿಂತ, ಪ್ರತಿ ಸಲ ಅದೇ ಕ್ಷಣ ಅನ್ನೋದು ಮುಖ್ಯ.

ಒಂದು ಎಸೆತ ಸಾಲದು. ಹತ್ತು ಎಸೆತ ತೆಗೆದೆವು. ಯಾಕೆಂದರೆ ಯಾವ ಹುಡುಗನೂ ಪ್ರತಿ ಸಲ ಒಂದೇ ಥರ ನಿಲ್ಲಲ್ಲ. ಒಂದೇ ದಿನದ ಹತ್ತು ಎಸೆತಗಳಲ್ಲಿ ತಲೆ ಎರಡು ಸೆಂ.ಮೀ. ಆಚೀಚೆ ಆಗುತ್ತಿದ್ದರೆ, ಎರಡು ತಿಂಗಳ ಫೋಟೋಗಳ ನಡುವೆ ಕಂಡ ಎರಡು ಸೆಂ.ಮೀ. ವ್ಯತ್ಯಾಸಕ್ಕೆ ಬೆಲೆ ಇಲ್ಲ.

ತಲೆ ಎಲ್ಲಿ ನಿಂತಿತ್ತು?

ಲೆಕ್ಕ ಸರಳ. ಎರಡು ಕಣ್ಣಿನ ನಡುವಿನ ಜಾಗದಿಂದ ದಾರಕ್ಕೆ ಸಮಾನಾಂತರವಾಗಿ ಒಂದು ಗೆರೆ ಕೆಳಗೆ ಎಳೆಯಬೇಕು. ಅದು ಶೂ ತುದಿಗಿಂತ ಎಷ್ಟು ಹೊರಗೆ ಬೀಳುತ್ತೆ ಅಂತ ಅಳೆಯಬೇಕು. ಗೆರೆ ಕಾಲ್ಬೆರಳುಗಳ ಮೇಲೆ ಅಥವಾ ಸ್ವಲ್ಪ ಒಳಗೆ ಬಿದ್ದರೆ ಹುಡುಗ ಎರಡೂ ಕಡೆಗೆ ಕಾಲು ಹಾಕಬಲ್ಲ. ಹೊರಗೆ ಹೋದಷ್ಟೂ ಮೈ ಆಫ್ ಸೈಡಿಗೆ ಬೀಳುತ್ತಿದೆ ಅಂತ ಅರ್ಥ. ಬೀಳದಿರಲು ಮುಂದಿನ ಕಾಲು ಅಡ್ಡಕ್ಕೆ ಹೋಗಲೇಬೇಕು. ಆಗ ಕಾಲಿನ ಕಡೆ ಬಂದ ನೇರ ಚೆಂಡಿಗೆ ಬ್ಯಾಟು ಪ್ಯಾಡನ್ನು ಸುತ್ತಿಕೊಂಡು ಬರಬೇಕಾಗುತ್ತೆ, ಎಲ್‌ಬಿಡಬ್ಲ್ಯು ಆಗುತ್ತೆ. ಫೋಟೋ ಹೇಳಿದ್ದು ನಿಜವೋ ಅಂತ ತಿಳಿಯಲು ಇದೇ ಪರೀಕ್ಷೆ: ಲೆಗ್ ಸ್ಟಂಪ್ ಮೇಲೆ ಹತ್ತು ಚೆಂಡು ಎಸೆದು, ಆಡಿದ ಮೇಲೆ ಹುಡುಗ ಆಫ್ ಸೈಡಿಗೆ ತೂರಾಡುತ್ತಾನಾ ನೋಡಿ. ತೂರಾಡದಿದ್ದರೆ ಫೋಟೋವನ್ನು ಅನುಮಾನಿಸಿ.

ದೊಡ್ಡಪ್ಪ ತೆಗೆದ ಫೋಟೋವನ್ನೂ ಇದೇ ರೀತಿ ಅಳೆದೆ. ಅದರಲ್ಲಿ ಕಾಲ ಬಳಿ ಸ್ಟಂಪ್ ಇರಲಿಲ್ಲ. ಹಾಗಾಗಿ ಹುಡುಗನ ಪ್ಯಾಡಿನ ಉದ್ದವನ್ನು ಟೇಪಿನಲ್ಲಿ ಅಳೆದು ಅದನ್ನೇ ಅಳತೆಗೋಲು ಮಾಡಿಕೊಂಡೆ. ತಲೆ ಶೂ ತುದಿಗಿಂತ 12 ಸೆಂ.ಮೀ. ಹೊರಗಿತ್ತು. ಫೋಟೋವನ್ನು 3 ಡಿಗ್ರಿ ತಿರುಗಿಸಿ ಬಾಗಿಲು ನೆಟ್ಟಗೆ ಮಾಡಿದ ಮೇಲೆ ಉಳಿದದ್ದು 5. ನಮ್ಮ ಹತ್ತು ಎಸೆತಗಳಲ್ಲಿ ಅದು 4ರಿಂದ 6ರ ಒಳಗೆ ಇತ್ತು. ಅಂದರೆ ತಪ್ಪು ಇತ್ತು, ಆದರೆ ಮನೆಯವರು ನೋಡಿದ್ದರಲ್ಲಿ ಅರ್ಧದಷ್ಟೂ ಇರಲಿಲ್ಲ.

ಕಣ್ಣಿನ ಮಟ್ಟ ಅಳೆಯುವಾಗ ಒಂದು ಎಚ್ಚರ ಬೇಕು. ಎರಡು ಕಣ್ಣಿನ ನಡುವೆ ಇರುವುದು ಆರು ಸೆಂ.ಮೀ. ಅಷ್ಟೆ. ಅಷ್ಟು ಗಿಡ್ಡ ಗೆರೆಯಲ್ಲಿ ಒಂದೆರಡು ಪಿಕ್ಸೆಲ್ ತಪ್ಪಿದರೂ ಡಿಗ್ರಿಗಳು ಏರುಪೇರಾಗುತ್ತವೆ. ಹೆಲ್ಮೆಟ್ಟಿನ ಅಂಚು ಉದ್ದ ಇರುತ್ತೆ, ಆದರೆ ಹೆಲ್ಮೆಟ್ ಸೊಟ್ಟಗೆ ಕೂತಿದ್ದರೆ ಅದೂ ಸುಳ್ಳು ಹೇಳುತ್ತೆ. ನಾನು ಎರಡನ್ನೂ ನೋಡಿದೆ. ಕಣ್ಣು ಮಟ್ಟಸವಾಗೇ ಇದ್ದವು. ಇದು ಒಂದು ಸುಳಿವು. ಕುತ್ತಿಗೆ ವಾಲಿ ತಲೆ ಬಿದ್ದಿದ್ದರೆ ಕಣ್ಣೂ ವಾಲಬೇಕಿತ್ತು. ವಾಲಿಲ್ಲ ಅಂದರೆ ತಲೆ ಹೋಗಿದ್ದು ಸೊಂಟದಿಂದ. ಹುಡುಗ ಏನನ್ನೋ ಮುಟ್ಟಲು ಬಗ್ಗುತ್ತಿದ್ದಾನೆ.

ಹಾಕಿಯ ಮೇಲೆ ಬಂದ ಆರೋಪ

ಇನ್ನು ಹಿಡಿತ. ಪಾಠದ ಪ್ರಕಾರ ಎರಡು ಕೈಗಳ ಹೆಬ್ಬೆರಳು, ತೋರುಬೆರಳಿನ ನಡುವೆ ಮೂಡುವ 'ವಿ' ಆಕಾರ ಒಂದೇ ಸಾಲಿಗೆ ಬರಬೇಕು. ಆ ಸಾಲು ಬ್ಯಾಟಿನ ಬೆನ್ನುಮೂಳೆಗೂ ಹೊರ ಅಂಚಿಗೂ ನಡುವೆ ಇಳಿಯಬೇಕು. ಕೈಗಳು ಒಂದಕ್ಕೊಂದು ಹತ್ತಿರ ಇರಬೇಕು. ಸ್ಲಿಪ್ ಕಡೆಯಿಂದ ನೋಡಿದಾಗ ಹುಡುಗನ ಎರಡೂ 'ವಿ' ಸಾಲಾಗಿಯೇ ಇದ್ದವು. ಕೆಳಗಿನ ಕೈ ಮಾತ್ರ ಹಿಡಿಯ ತಳಕ್ಕೆ ಜಾರಿತ್ತು.

ದೊಡ್ಡಪ್ಪ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಕೊಡಗಿನಲ್ಲಿ ಮಕ್ಕಳು ಬ್ಯಾಟಿಗಿಂತ ಮೊದಲು ಸ್ಟಿಕ್ ಹಿಡಿಯುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ ಬೇಸಿಗೆ ಅಂದರೆ ಹಾಕಿ ಅನ್ನೋ ಹಾಗಾಗಿದೆ. ಹಾಕಿಯಲ್ಲೂ ಎಡಗೈ ಮೇಲೆ, ಬಲಗೈ ಕೆಳಗೆ, ಆದರೆ ಚೆಂಡನ್ನು ಒಯ್ಯುವಾಗ ಎರಡು ಕೈಗಳ ನಡುವೆ ಜಾಗ ಇರಲೇಬೇಕು, ಬೆನ್ನು ಬಗ್ಗಿರಬೇಕು. ಆ ರೂಢಿ ಬ್ಯಾಟಿಗೆ ಬರುವುದು ಸಹಜ. ಆದರೆ ಒಂದು ಪ್ರಶ್ನೆ ಉಳಿಯಿತು. ಈ ಹುಡುಗ ಮೇ ತಿಂಗಳಲ್ಲೂ ಹಾಕಿ ಆಡುತ್ತಿದ್ದ. ಆಗ ಇಲ್ಲದ ಅಂತರ ಈಗ ಯಾಕೆ?

ಉತ್ತರ ಗೋದಾಮಿನ ಬಾಗಿಲ ಚೌಕಟ್ಟಿನ ಮೇಲೇ ಇತ್ತು. ಅಕ್ಕ ಅಲ್ಲಿ ಪೆನ್ಸಿಲಿನಲ್ಲಿ ಮಕ್ಕಳ ಎತ್ತರ ಬರೆದಿಡುತ್ತಾಳೆ. ವರ್ಷದ ಮೊದಲಿಗೆ 148 ಸೆಂ.ಮೀ. ಇದ್ದ ಹುಡುಗ ಈಗ 155. ಬ್ಯಾಟು ಮಾತ್ರ ಅದೇ ಸೈಜ್ 5. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾದರೂ, ಸಾಮಾನ್ಯವಾಗಿ ಐದಡಿ ಮುಟ್ಟಿದ ಮೇಲೆ ಸೈಜ್ 6 ಬೇಕು. ಎರಡಕ್ಕೂ ಇರುವ ವ್ಯತ್ಯಾಸ ಉದ್ದದಲ್ಲಿ ಸುಮಾರು ಒಂದಿಂಚು. ಬ್ಯಾಟಿನ ತುದಿಯನ್ನು ನೆಲಕ್ಕೆ ತಾಗಿಸಿ ನಿಲ್ಲುವ ಹುಡುಗನಿಗೆ ಬ್ಯಾಟು ಗಿಡ್ಡವಾದರೆ ಬಗ್ಗದೆ ಬೇರೆ ದಾರಿ ಇಲ್ಲ. ಬಗ್ಗಿದಾಗ ತಲೆ ಮುಂದೆ ಹೋಗುತ್ತೆ, ಕೆಳಗಿನ ಕೈ ಜಾರುತ್ತೆ.

ಇದು ಊಹೆ. ಪರೀಕ್ಷೆ ಮಾಡದೆ ಇದನ್ನು ತೀರ್ಪು ಅನ್ನೋ ಹಾಗಿಲ್ಲ. ಭಾನುವಾರ ಪಕ್ಕದ ಮನೆಯ ಹುಡುಗನಿಂದ ಸೈಜ್ 6 ಬ್ಯಾಟು ತಂದೆವು. ನಿಲುವಿನ ಬಗ್ಗೆ ಯಾರೂ ಒಂದು ಮಾತೂ ಆಡಕೂಡದು ಅಂತ ಮೊದಲೇ ಹೇಳಿದ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ಯಾಟು ಬದಲಿಸಿ, ಹಿಡಿತವನ್ನೂ ತಿದ್ದಿ, ಕಾಲನ್ನೂ ಅಗಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗುವುದೇ ಇಲ್ಲ. ಅದೇ ಡ್ರಮ್ಮು, ಅದೇ ದಾರ, ಮತ್ತೆ ಹತ್ತು ಎಸೆತ.

ತಲೆ ಶೂ ತುದಿಯಿಂದ ಒಂದೆರಡು ಸೆಂ.ಮೀ. ಒಳಗೆ ಹೊರಗೆ ಬಂದು ನಿಂತಿತು. ಮೂರು ಬೆರಳಿನ ಅಂತರ ಒಂದು ಬೆರಳಿಗೆ ಇಳಿಯಿತು. ಆ ಒಂದು ಬೆರಳು ಹಾಕಿಯದ್ದೇ ಇರಬಹುದು, ಇರಲಿ. ಲೆಗ್ ಸ್ಟಂಪ್ ಮೇಲಿನ ಚೆಂಡಿಗೆ ಹುಡುಗ ತೂರಾಡಲಿಲ್ಲ. ಉದ್ದದ ಬ್ಯಾಟು ತೂಕವೂ ಜಾಸ್ತಿ ಅನ್ನೋದನ್ನ ಮರೆಯಬಾರದು. ಭಾರ ಆದರೆ ಬ್ಯಾಟು ಎತ್ತುವಾಗ ಮೇಲಿನ ಕೈ ಸೋತು ಕೆಳಗಿನ ಕೈ ಎಳೆಯಲು ಶುರು ಮಾಡುತ್ತೆ. ಅದಕ್ಕೆ ಎಡಗೈ ಒಂದರಲ್ಲೇ ಬ್ಯಾಟನ್ನು ಮುಂದಕ್ಕೆ ಚಾಚಿ ಹಿಡಿಯಲು ಹೇಳಿದೆವು. ಹಿಡಿದ.

ಫೋಟೋ ಹೇಳದೇ ಇರುವುದು

ಹಿಡಿತ ಎಷ್ಟು ಬಿಗಿ ಅನ್ನೋದು ಫೋಟೋದಲ್ಲಿ ಕಾಣಲ್ಲ. ಚೆಂಡಿನ ಉದ್ದವನ್ನು ಹುಡುಗ ಎಷ್ಟು ಬೇಗ ಗುರುತಿಸುತ್ತಾನೆ ಅನ್ನೋದೂ ಕಾಣಲ್ಲ. ಪಾಠಕ್ಕೆ ಹೊಂದದ ಹಿಡಿತವೆಲ್ಲ ತಪ್ಪೂ ಅಲ್ಲ. ಡಾನ್ ಬ್ರಾಡ್ಮನ್ ಕೈಗಳನ್ನು ತಿರುಗಿಸಿ ಹಿಡಿಯುತ್ತಿದ್ದರು, ಬ್ಯಾಟನ್ನು ಎರಡು ಪಾದಗಳ ನಡುವೆ ಇಡುತ್ತಿದ್ದರು, ಸ್ಲಿಪ್ ಕಡೆಗೆ ಎತ್ತುತ್ತಿದ್ದರು. ಟೆಸ್ಟ್ ಸರಾಸರಿ 99.94. ಹೋಲಿಸಬೇಕಾದ್ದು ಹುಡುಗನ ಇವತ್ತಿನ ಫೋಟೋವನ್ನು ಅವನದೇ ನಿನ್ನೆಯ ಫೋಟೋ ಜೊತೆ, ಅದೂ ಆಟದಲ್ಲಿ ಏನಾದರೂ ಕೆಟ್ಟಿದ್ದರೆ.

ನಮ್ಮ ಕೊಡಗಿನವರೇ ಆದ ರಾಬಿನ್ ಉತ್ತಪ್ಪ ಅವರನ್ನು ನೋಡಿ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರ್ ಆಗಿದ್ದವರು. ಭಾರತ ತಂಡಕ್ಕೆ ಆಡಿದ ಮೇಲೆ ರಾಬಿನ್ ತಮ್ಮ ಬ್ಯಾಟಿಂಗ್ ತಂತ್ರವನ್ನೇ ಬದಲಿಸಲು ಪ್ರವೀಣ್ ಆಮ್ರೆ ಜೊತೆ ದೀರ್ಘ ಕಾಲ ಕೆಲಸ ಮಾಡಿದರು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟರು. ಬೆಳೆದ, ವೃತ್ತಿಪರ ಆಟಗಾರನಿಗೇ ಪೂರ್ಣಾವಧಿ ಕೋಚ್ ಜೊತೆ ಅಷ್ಟು ಸಮಯ ಬೇಕಾಯ್ತು. ಆಯ್ಕೆಗೆ ಎರಡು ವಾರ ಇರುವಾಗ ಒಂದು ವಾಲಿದ ಫೋಟೋ ನೋಡಿ ಹದಿಮೂರರ ಹುಡುಗನ ಕೈಗೆ ಟೇಪ್ ಸುತ್ತಲು ಹೊರಟಿದ್ದೆವು ನಾವು.

ಭಾನುವಾರ ಸಂಜೆ ಎರಡು ಬ್ಯಾಟಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ದಾರ ಕಾಣುವ ಹಾಗೆ, ಗ್ರೂಪಿಗೆ ಹಾಕಿದೆ. "ಬ್ಯಾಟು ಗಿಡ್ಡ ಆಗಿದೆ. ಹುಡುಗ ಸರಿ ಇದ್ದಾನೆ" ಅಂತ ಮಾತ್ರ ಬರೆದೆ. ಹೊಸ ಬ್ಯಾಟಿಗೆ ಒಗ್ಗಿಕೊಳ್ಳಲು ಎರಡು ವಾರ ಕಡಿಮೆಯೇ, ಆಯ್ಕೆಯಲ್ಲಿ ಏನಾಗುತ್ತೋ ಅಂತ ಅಕ್ಕನಿಗೂ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೈಜ್ ಆರಕ್ಕೆ ಎಷ್ಟಾಗುತ್ತೆ, ನಾನೇ ತರ್ತೀನಿ" ಅಂತ ಬರೆದರು.

ನಾನು ಬಸ್ಸಿಗೆ ಹೊರಟಾಗ ಹುಡುಗ ಕಣದಲ್ಲೇ ಇದ್ದ. "ಮಾವ, ಆ ದಾರ ಬಿಚ್ಚಬೇಡಿ ಅಂತ ಅಮ್ಮಂಗೆ ಹೇಳಿ" ಅಂದ. ಕಾಫಿ ಕೊಯ್ಲು ಶುರುವಾಗಿ ಕಣದಲ್ಲಿ ಹಣ್ಣು ಹರಡುವವರೆಗೆ ಅದು ಅಲ್ಲೇ ಇರುತ್ತೆ.